ಪುಸ್ತಕದ 1.35, ಮೇಣ ಹಚ್ಚಿದ ಹೆಂಟೆ, ಉಕ್ಕಿನ ರಿಂಗ್: ಎರೆ ನೆಲದ ನೀರನ್ನು ಮಿಲಿಮೀಟರಿಗೆ ತರಲು ಯಾವುದು ಸರಿ?

ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು: ಎರೆ ಹೊಲಕ್ಕೆ, ನೆಲಕ್ಕೆ ಹೊಡೆದು ಮಣ್ಣು ತೆಗೆಯುವ ಉಕ್ಕಿನ ರಿಂಗ್ ಬಿಟ್ಟು ಬೇರೆಯದನ್ನು ನಂಬಬೇಡಿ. ಆದರೆ ರಿಂಗ್‌ಗೂ ಒಂದು ದೊಡ್ಡ ತೊಡಕಿದೆ. ಅದು ಗೊತ್ತಿಲ್ಲದಿದ್ದರೆ ರಿಂಗ್ ಕೊಡುವ ಅಂಕಿಯೂ ಪುಸ್ತಕದ ಅಂಕಿಗಿಂತ ಮೇಲಲ್ಲ.

ಲೆಕ್ಕ ಚಿಕ್ಕದು. ಹಸಿ ಮಣ್ಣನ್ನು ತೂಗಿ, ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. ಹೋದ ನೀರನ್ನು ಒಣ ಮಣ್ಣಿನ ತೂಕದಿಂದ ಭಾಗಿಸಿದರೆ ತೂಕದ ತೇವಾಂಶ. ಅದನ್ನು ಬಲ್ಕ್ ಡೆನ್ಸಿಟಿಯಿಂದ, ಅಂದರೆ ಹೊಲದಲ್ಲಿ ಇದ್ದ ಹಾಗೇ ಇರುವ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಎಷ್ಟು ಗ್ರಾಂ ಒಣ ಮಣ್ಣಿದೆ ಎಂಬುದರಿಂದ, ಗುಣಿಸಿದರೆ ಗಾತ್ರದ ತೇವಾಂಶ. ಅದಕ್ಕೆ ಪದರದ ದಪ್ಪವನ್ನು ಮಿಲಿಮೀಟರ್‌ನಲ್ಲಿ ಗುಣಿಸಿದರೆ ಆ ಪದರದಲ್ಲಿ ನಿಂತ ನೀರು. ಭಾಗಿಸುವುದು ಒಣ ತೂಕದಿಂದಲೇ. ಹಸಿ ತೂಕದಿಂದ ಭಾಗಿಸಿದರೆ ಶೇ 26.7 ಇರಬೇಕಾದದ್ದು ಶೇ 21.1 ಆಗಿ ಕೂರುತ್ತದೆ.

ತೂಕ ತಪ್ಪುವುದು ಕಡಿಮೆ. ದಾರಿ ತಪ್ಪುವುದು ಆ ನಡುವಿನ ಬಲ್ಕ್ ಡೆನ್ಸಿಟಿಯಲ್ಲಿ. ಅದನ್ನು ತರುವ ದಾರಿ ಮೂರು: ಪುಸ್ತಕದಲ್ಲಿ ಸಿದ್ಧವಾಗಿ ಸಿಗುವ 1.35, ಹೆಂಟೆ, ರಿಂಗ್. ಮೂರನ್ನೂ ಒಂದೇ ಹೊಲದ ಅಂಕಿಗಳ ಮೇಲೆ ಇಟ್ಟು ನೋಡೋಣ.

ಧಾರವಾಡ-ಗದಗ ಕಡೆಯ ಎರೆ ನೆಲ, ಹಿಂಗಾರಿ ಕಡಲೆ ಬಿತ್ತುವ ಹೊತ್ತು ಎಂದಿಟ್ಟುಕೊಳ್ಳಿ. ಬೇರು ವಲಯವನ್ನು 60 ಸೆಂ.ಮೀ. ಎಂದು ತೆಗೆದುಕೊಂಡು ಮೂರು ಪದರ ಮಾಡೋಣ. ರಿಂಗ್‌ನ ಒಳಗಾತ್ರ 100 ಘನ ಸೆಂ.ಮೀ. 0–15ರ ಪದರದಲ್ಲಿ ಹಸಿ ಮಣ್ಣು 149.5 ಗ್ರಾಂ, ಒಣಗಿದ ಮೇಲೆ 118.0. 15–30ರಲ್ಲಿ 160.2 ಮತ್ತು 124.0. 30–60ರಲ್ಲಿ 168.6 ಮತ್ತು 130.0. ಹೋದ ನೀರು ಕ್ರಮವಾಗಿ 31.5, 36.2, 38.6 ಗ್ರಾಂ.

ರಿಂಗ್‌ನ ಚೆಂದ ಇಲ್ಲಿದೆ. 100 ಘನ ಸೆಂ.ಮೀ. ಜಾಗದಲ್ಲಿ 31.5 ಗ್ರಾಂ ನೀರು ಸಿಕ್ಕಿತೆಂದರೆ ಗಾತ್ರದ ತೇವಾಂಶ ನೇರವಾಗಿ 0.315. ಬಲ್ಕ್ ಡೆನ್ಸಿಟಿಯನ್ನು ನಡುವೆ ತರುವ ಅಗತ್ಯವೇ ಇಲ್ಲ. ಮೊದಲ ಪದರಕ್ಕೆ 0.315 × 150, ಅಂದರೆ 47.3 ಮಿ.ಮೀ. ಎರಡನೆಯದಕ್ಕೆ 54.3, ಮೂರನೆಯದಕ್ಕೆ 0.386 × 300, ಅಂದರೆ 115.8. ಒಟ್ಟು 217 ಮಿ.ಮೀ.

ಈಗ ಇದೇ ತೂಕದ ತೇವಾಂಶಕ್ಕೆ (ಶೇ 26.7, 29.2, 29.7) ಪುಸ್ತಕದ 1.35 ಹಾಕಿ. ಒಟ್ಟು 233 ಮಿ.ಮೀ. ಬರುತ್ತದೆ. 16 ಮಿ.ಮೀ. ಹೆಚ್ಚು, ಎಕರೆಗೆ ಸುಮಾರು 65 ಸಾವಿರ ಲೀಟರ್ ಇಲ್ಲದ ನೀರು. ಉತ್ತಿ ಸಡಿಲವಾದ ಮೇಲಿನ ಪದರಕ್ಕೂ ಕೆಳಗಿನ ಗಟ್ಟಿ ಪದರಕ್ಕೂ ಒಂದೇ ಅಂಕಿ ಕೊಟ್ಟದ್ದರಿಂದ ತಪ್ಪು ಹೆಚ್ಚಾಗಿ ಮೇಲೇ ಬಿದ್ದಿದೆ. ಎಳೆ ಸಸಿಯ ಬೇರು ಇರುವುದೂ ಅಲ್ಲೇ.

ಹೆಂಟೆಯ ವಿಧಾನ ನೋಡಲು ಅಚ್ಚುಕಟ್ಟು. ಹೆಂಟೆಗೆ ದಾರ ಕಟ್ಟಿ ತೂಗಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ ಮತ್ತೆ ತೂಗಿ, ನೀರೊಳಗೆ ಇಳಿಬಿಟ್ಟು ಮೂರನೇ ಸಲ ತೂಗುತ್ತಾರೆ. ಗಾಳಿಯ ತೂಕಕ್ಕೂ ನೀರಿನ ತೂಕಕ್ಕೂ ಇರುವ ವ್ಯತ್ಯಾಸ ಗಾತ್ರವನ್ನು ಕೊಡುತ್ತದೆ. ಮೇಣದ ಸಾಂದ್ರತೆ ಸುಮಾರು 0.9 ಎಂದು ಹಿಡಿದು ಅದರ ಪಾಲನ್ನು ಕಳೆಯಬೇಕು. ಕಷ್ಟ ಕೈಕೆಲಸದಲ್ಲಿಲ್ಲ, ಎರೆ ಮಣ್ಣಿನ ಸ್ವಭಾವದಲ್ಲಿದೆ. ಒಣಗಿದರೆ ಅದು ಕುಗ್ಗುತ್ತದೆ. ಒಣ ಹೆಂಟೆ ಕಲ್ಲಿನಂತೆ ಗಟ್ಟಿಯಾಗಿ 1.75ರ ಆಸುಪಾಸು ತೋರಿಸಬಹುದು. ಸಾಲದ್ದಕ್ಕೆ ಹೆಂಟೆ-ಹೆಂಟೆಗಳ ನಡುವಿನ ಸಂದು, ಬಿರುಕು, ಬೇರಿನ ತೂತು ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಹದವಿದ್ದಾಗಲೇ ಹೆಂಟೆ ತೆಗೆದು ಮೇಣ ಹಚ್ಚಿದರೆ ಅಂಕಿ ಇಳಿಯುತ್ತದೆ, ಆದರೂ ಸಾಮಾನ್ಯವಾಗಿ ರಿಂಗ್‌ಗಿಂತ ಮೇಲೇ ಉಳಿಯುತ್ತದೆ.

ಒಣ ಹೆಂಟೆಯ 1.75 ಹಾಕಿದರೆ ನಮ್ಮ ಹೊಲದಲ್ಲಿ 303 ಮಿ.ಮೀ. ನೀರು! ಇದು ಸುಳ್ಳೆಂದು ಕಾಗದದ ಮೇಲೇ ಹಿಡಿಯಬಹುದು. ಮಣ್ಣಿನ ಕಣದ ಸಾಂದ್ರತೆ ಸುಮಾರು 2.65. ಬಲ್ಕ್ ಡೆನ್ಸಿಟಿಯನ್ನು ಅದರಿಂದ ಭಾಗಿಸಿ 1ರಿಂದ ಕಳೆದರೆ ಉಳಿಯುವುದು ಗಾಳಿ-ನೀರು ಇರಬಹುದಾದ ಒಟ್ಟು ಜಾಗ. 1.75ಕ್ಕೆ ಅದು 0.34 ಮಾತ್ರ. ಮೂರನೇ ಪದರಕ್ಕೆ ಲೆಕ್ಕ ಕೊಟ್ಟ ನೀರು 0.297 × 1.75, ಅಂದರೆ 0.52. ಮೂವತ್ತನಾಲ್ಕು ಹಿಡಿಯುವ ಪಾತ್ರೆಯಲ್ಲಿ ಐವತ್ತೆರಡು ನಿಲ್ಲಲಾರದು. ಪ್ರತಿ ಪದರಕ್ಕೂ ಈ ತಾಳೆ ನೋಡುವುದನ್ನು ಬಿಡಬೇಡಿ. ಆದರೆ ಇದು ದೊಡ್ಡ ತಪ್ಪನ್ನಷ್ಟೇ ಹಿಡಿಯುತ್ತದೆ. 1.35ಕ್ಕೆ ಜಾಗ 0.49, ನೀರು 0.40, ಹಾಗಾಗಿ ಪುಸ್ತಕದ ಅಂಕಿ ಸಲೀಸಾಗಿ ಪಾಸಾಗಿಬಿಡುತ್ತದೆ.

ಇನ್ನು ರಿಂಗ್‌ನ ತೊಡಕು. ಅದು ಮಣ್ಣನ್ನು ಅದುಮುತ್ತದೆ.

ಅಗ್ಗದ ರಿಂಗ್‌ಗಳು ಸಾಮಾನ್ಯವಾಗಿ ಪೈಪ್ ಕತ್ತರಿಸಿದ ತುಂಡುಗಳು. ಗೋಡೆ 3 ಮಿ.ಮೀ. ದಪ್ಪ, ಅಂಚು ಮೊಂಡು. ಒಳವ್ಯಾಸ 50 ಇದ್ದರೆ ಹೊರಗೆ 56. ಒಳಗೆ ಬರುವ ಮಣ್ಣಿನ ಕಾಲು ಭಾಗದಷ್ಟು ಜಾಗವನ್ನು ಗೋಡೆಯೇ ಪಕ್ಕಕ್ಕೆ ತಳ್ಳಬೇಕು. ತಳ್ಳಿದ ಮಣ್ಣು ಸ್ವಲ್ಪ ಹೊರಗೆ ಹೋಗುತ್ತದೆ, ಸ್ವಲ್ಪ ಒಳಗೇ ಒತ್ತಿ ಕೂರುತ್ತದೆ. 1.5 ಮಿ.ಮೀ. ಗೋಡೆಯಾದರೆ ಈ ಪಾಲು ಶೇ 12ಕ್ಕೆ ಇಳಿಯುತ್ತದೆ. ಅಂಚನ್ನು ಹೊರಮೈಯಿಂದ ಇಳಿಜಾರಾಗಿ ಕೆತ್ತಿರಬೇಕು. ಒಳಗಡೆ ಇಳಿಜಾರಿದ್ದರೆ ಅದು ಲಾಳಿಕೆಯಂತೆ ಮಣ್ಣನ್ನು ಒಳಕ್ಕೇ ತುರುಕುತ್ತದೆ.

ಅದುಮಿದ್ದು ಗೊತ್ತಾಗುವುದು ಹೇಗೆ? ರಿಂಗನ್ನು ಅಗೆದು ತೆಗೆಯುವ ಮುಂಚೆ ಬಗ್ಗಿ ನೋಡಿ. ಒಳಗಿನ ಮಣ್ಣಿನ ಮೈ ಹೊರಗಿನ ನೆಲಕ್ಕೆ ಸಮವಾಗಿರಬೇಕು. ಒಳಗೆ ತಗ್ಗಿದ್ದರೆ ಸ್ಕೇಲ್ ಇಟ್ಟು ಅಳೆಯಿರಿ. 51 ಮಿ.ಮೀ. ಎತ್ತರದ ರಿಂಗ್ ತುಂಬಿಸುವ ಭರದಲ್ಲಿ 56 ಮಿ.ಮೀ. ಮಣ್ಣನ್ನು ಅದರೊಳಗೆ ಇಳಿಸಿದರೆ 1.24 ಇರಬೇಕಾದದ್ದು 1.36 ಆಗುತ್ತದೆ. ಎರಡನೇ ಪದರದ 54.3 ಮಿ.ಮೀ. 59.6ಕ್ಕೆ ಏರುತ್ತದೆ. 1.36 ಎಂಬ ಅಂಕಿ ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ, ಪುಸ್ತಕಕ್ಕೂ ಹತ್ತಿರ. ತೂಕದ ತೇವಾಂಶ ಬದಲಾಗುವುದೇ ಇಲ್ಲ, ಹಾಗಾಗಿ ಅಲ್ಲೂ ಸುಳಿವು ಸಿಗದು. ಮೈ ತಗ್ಗಿದ್ದನ್ನು ಆ ಕ್ಷಣ ನೋಡದಿದ್ದರೆ ಆಮೇಲೆ ಹಿಡಿಯಲು ದಾರಿಯಿಲ್ಲ. ಎರಡು ಮಿ.ಮೀ.ಗಿಂತ ಹೆಚ್ಚು ತಗ್ಗಿದ ರಿಂಗನ್ನು ಅಲ್ಲೇ ಚೆಲ್ಲಿ, ಪಕ್ಕದಲ್ಲಿ ಇನ್ನೊಂದು ತೆಗೆಯಬೇಕು.

ಇದಕ್ಕೆ ಮದ್ದು ಮೂರು. ಮಳೆ ನಿಂತು ನಾಲ್ಕೈದು ದಿನ ಬಿಟ್ಟು, ಮಣ್ಣು ಕೈಗೆ ಅಂಟದ ಹದಕ್ಕೆ ಬಂದಾಗ ತೆಗೆಯುವುದು. ಜಿಗುಟಿದ್ದರೆ ಗೋಡೆಗೆ ಅಂಟಿ ಎಳೆಯುತ್ತದೆ, ತೀರಾ ಒಣಗಿದ್ದರೆ ಒಡೆದು ಉದುರುತ್ತದೆ. ಎರಡನೆಯದು, ರಿಂಗ್ ಮೇಲೆ ಇನ್ನೊಂದು ರಿಂಗ್, ಅದರ ಮೇಲೆ ಮರದ ತುಂಡು ಇಟ್ಟು ನಿಧಾನವಾಗಿ ಇಳಿಸುವುದು. ಕೆಳಗಿನದು ಪೂರ್ತಿ ತುಂಬಿದರೂ ಅದರ ಮೈಯನ್ನು ಮರ ಮುಟ್ಟುವುದಿಲ್ಲ. ಮೂರನೆಯದು, ಗೋಡೆಗೆ ತೆಳುವಾಗಿ ಎಣ್ಣೆ ಸವರುವುದು. ಪದರದ ನಟ್ಟನಡುವೆ, ಅಂದರೆ 0–15ಕ್ಕೆ 5ರಿಂದ 10 ಸೆಂ.ಮೀ. ನಡುವೆ, ಪ್ರತಿ ಆಳಕ್ಕೂ ಕನಿಷ್ಠ ಮೂರು ರಿಂಗ್ ಬೇಕು. ಒಣಗಿಸುವಾಗ ಮಣ್ಣನ್ನು ಮುರಿದು ಹರಡಿ. ಇಡೀ ಗಡ್ಡೆಯ ನಡುಭಾಗ 24 ಗಂಟೆಯಲ್ಲೂ ಒಣಗದೆ ಉಳಿಯಬಹುದು. ಎರಡು ಸಲ ತೂಗಿದಾಗ ಅಂಕಿ ನಿಂತರೆ ಮಾತ್ರ ಒಣಗಿದೆ ಎಂದರ್ಥ.

ಗರಸು ಕಲ್ಲಿನ ಮಸಾರಿ ನೆಲದಲ್ಲಿ ರಿಂಗ್ ಇಳಿಯುವುದೇ ಇಲ್ಲ. ಅಲ್ಲಿ ಸಣ್ಣ ಗುಂಡಿ ತೋಡಿ, ಮಣ್ಣನ್ನೆಲ್ಲ ತೂಗಿ, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ನೀರು ಅಳೆದು ತುಂಬುವುದೇ ದಾರಿ.

ರಿಂಗನ್ನು ವಾರವಾರ ಹೊಡೆಯುವ ಅಗತ್ಯವೂ ಇಲ್ಲ, ಹೊಡೆಯಲೂಬಾರದು. ಹದದಲ್ಲಿ ಒಮ್ಮೆ ತೆಗೆದ ಬಲ್ಕ್ ಡೆನ್ಸಿಟಿಯನ್ನು ಪದರದ ಮಿ.ಮೀ.ಗೆ ಗುಣಿಸಿ ಇಟ್ಟುಕೊಳ್ಳಿ: 1.18 × 150 = 177, 1.24 × 150 = 186, 1.30 × 300 = 390. ಇದು ಒಂದು ಚದರ ಮೀಟರ್ ನೆಲದ ಕೆಳಗೆ ಆ ಪದರದಲ್ಲಿರುವ ಒಣ ಮಣ್ಣು, ಕಿಲೋದಲ್ಲಿ. ಒಂದು ಚದರ ಮೀಟರಿಗೆ ಒಂದು ಲೀಟರ್ ನೀರೆಂದರೆ ಒಂದು ಮಿ.ಮೀ. ಹಾಗಾಗಿ ಮುಂದೆ ನೆಲ ಕೊರೆಯುವ ಆಗರ್‌ನಿಂದ ತೆಗೆದ ಮಣ್ಣಿನ ತೂಕದ ತೇವಾಂಶವನ್ನು ಈ ಕಿಲೋಗೆ ಗುಣಿಸಿದರೆ ಸಾಕು.

ಹೀಗೆ ಮಾಡುವುದಕ್ಕೆ ಕಾರಣವಿದೆ. ಕಡಲೆ ಕೊಯ್ಲಿಗೆ ಬಂದಾಗ ಎರಡನೇ ಪದರ ಶೇ 29.2ರಿಂದ 19ಕ್ಕೆ ಇಳಿದಿದೆ ಎನ್ನಿ. 0.102 × 186, ಬೆಳೆ ಹೀರಿದ್ದು 19 ಮಿ.ಮೀ. ಅದೇ ಕೊಯ್ಲಿನ ಹೊತ್ತಿಗೆ ಹೊಸದಾಗಿ ರಿಂಗ್ ಹೊಡೆದು 1.45 ಬಂದರೆ, 0.19 × 1.45 × 150 ಅಂದರೆ 41.3 ಮಿ.ಮೀ. ಉಳಿದಿದೆ, 13 ಮಿ.ಮೀ. ಮಾತ್ರ ಹೋಗಿದೆ ಎಂಬ ಉತ್ತರ ಬರುತ್ತದೆ. ಆರು ಮಿ.ಮೀ. ಎಲ್ಲಿ ಹೋಯಿತು? ಮಣ್ಣು ಕುಗ್ಗಿ ಬಿರುಕು ಬಿಟ್ಟಿದೆ. ನೀವು ಬಿರುಕಿನ ನಡುವಿನ ಗಟ್ಟಿ ಮಣ್ಣಿಗೆ ರಿಂಗ್ ಹೊಡೆದು, ಇಡೀ ಪದರವೇ ಅಷ್ಟು ಗಟ್ಟಿ ಎಂದು ಲೆಕ್ಕ ಹಾಕಿದ್ದೀರಿ. ಮೊದಲಿನ 186 ಕಿಲೋ ಮಣ್ಣೇ ಅಲ್ಲಿರುವುದು, ಹೆಚ್ಚು ಬಂದಿಲ್ಲ.

217 ಮಿ.ಮೀ. ಪೂರ್ತಿ ಬೆಳೆಗೆ ಸಿಗುವುದಿಲ್ಲ ಎಂಬುದನ್ನೂ ಇದೇ ಕಿಲೋದಿಂದ ಲೆಕ್ಕ ಹಾಕಬಹುದು. ಗಿಡ ಬಾಡಿ ಚೇತರಿಸದ ಹಂತದ ತೇವಾಂಶ ಪ್ರಯೋಗಾಲಯದಿಂದ ತೂಕದಲ್ಲಿ ಬಂದಿದ್ದರೆ, ಉದಾಹರಣೆಗೆ ಶೇ 17, ಒಟ್ಟು 753 ಕಿಲೋಗೆ ಗುಣಿಸಿ. 128 ಮಿ.ಮೀ. ಮಣ್ಣಿನ ಪಾಲು, 89 ಮಿ.ಮೀ. ಕಡಲೆಯ ಪಾಲು.

ಒಂದೇ ಹೊಲ, ಹಂಗಾಮಿಗೆ ನಾಲ್ಕೈದು ಸಲ ತೇವಾಂಶ ನೋಡುವ ಅಭ್ಯಾಸ, 0.1 ಗ್ರಾಂ ತೋರಿಸುವ ತಕ್ಕಡಿ ಇಷ್ಟಿದ್ದವರಿಗೆ ನನ್ನ ಆಯ್ಕೆ ಇದೇ: ಒಮ್ಮೆ ರಿಂಗ್, ಮುಂದೆಲ್ಲ ಆಗರ್. ಹೆಂಟೆಯ ವಿಧಾನವನ್ನು ಮಣ್ಣು ಎಷ್ಟು ಕುಗ್ಗುತ್ತದೆ ಎಂದು ತಿಳಿಯಬೇಕಾದವರು ಇಟ್ಟುಕೊಳ್ಳಲಿ. ಅಗ್ಗದ ರಿಂಗ್ ಕೊಳ್ಳುವ ಬದಲು ಲೇಥ್ ಅಂಗಡಿಯಲ್ಲಿ ಮಾಡಿಸಿ. ಗೋಡೆ 1.5 ಮಿ.ಮೀ., ಅಂಚಿನ ಇಳಿಜಾರು ಹೊರಗೆ, ಎತ್ತರ 51, ಒಳವ್ಯಾಸ 50. ಬಂದ ಮೇಲೆ ವರ್ನಿಯರ್ ಹಿಡಿದು ಒಳವ್ಯಾಸ ನೀವೇ ಅಳೆಯಿರಿ. 50 ಎಂದುಕೊಂಡದ್ದು 49 ಇದ್ದರೆ ಪ್ರತಿ ಅಂಕಿಯಲ್ಲೂ ಶೇ 4ರ ತಪ್ಪು ಇರುತ್ತದೆ. ಅಳೆದ ಗಾತ್ರ, ಖಾಲಿ ತೂಕ ಎರಡನ್ನೂ ರಿಂಗ್‌ನ ಹೊರಮೈ ಮೇಲೇ ಕೊರೆಸಿಬಿಡಿ.