ಹೊಲದ ಸೆನ್ಸರಿಗೆ ಯಾವುದು: ಲೋರಾವ್ಯಾನ್, ಎನ್‌ಬಿ-ಐಒಟಿ

ಮಣ್ಣಿನ ತೇವ ಅಳೆಯುವ ಎರಡು ಸೆನ್ಸರುಗಳನ್ನು ಒಂದೇ ಬದುವಿನ ಮೇಲೆ ನೆಟ್ಟು, ಜೋಳ ಬಿತ್ತಿದಾಗಿನಿಂದ ಕೊಯ್ಲಿನವರೆಗೂ ನೋಡಿದೆ. ಒಂದರಲ್ಲಿ ನಾವೇ ಇಟ್ಟ ಗೇಟ್‌ವೇ ಪೆಟ್ಟಿಗೆಗೆ ಸಂದೇಶ ಕಳಿಸುವ ಲೋರಾವ್ಯಾನ್ ರೇಡಿಯೊ, ಇನ್ನೊಂದರಲ್ಲಿ ಮೊಬೈಲ್ ಟವರಿಗೆ ಕಳಿಸುವ ಎನ್‌ಬಿ-ಐಒಟಿ ಮೋಡೆಮ್. ಎರಡಕ್ಕೂ 2400 ಎಂಎಎಚ್ ಬ್ಯಾಟರಿ. 15 ನಿಮಿಷಕ್ಕೊಮ್ಮೆ 12 ಬೈಟ್ ಕಳಿಸುವುದಷ್ಟೇ ಕೆಲಸ.

ಲೋರಾದಲ್ಲಿ SF ಅಂಕಿ ಏರಿದಷ್ಟೂ ಸಂದೇಶ ನಿಧಾನ, ಆದರೆ ಹೆಚ್ಚು ದೂರ ತಲುಪುತ್ತದೆ. ನನ್ನದು ಮೊದಲು ಅತಿ ವೇಗದ SF7ರಲ್ಲಿತ್ತು. ಒಂದು ಸಂದೇಶಕ್ಕೆ 62 ಮಿಲಿಸೆಕೆಂಡ್ ಸಾಕು. ಜೋಳ ಎದೆಮಟ್ಟಕ್ಕೆ ಬಂದು, ಮೊಣಕಾಲೆತ್ತರದ ಆಂಟೆನಾ ಒದ್ದೆ ಎಲೆಗಳಲ್ಲಿ ಮುಳುಗಿದ ಮೇಲೆ ಅಂಕಿಗಳ ನಡುವೆ ಪೂರ್ತಿ ಒಂದು ದಿನದ ಖಾಲಿ ಕಂಡಿತು. ಕಾರಣ ಹುಡುಕಿದಾಗ ಸ್ಪಷ್ಟವಾಯಿತು: ಗೇಟ್‌ವೇಯಿಂದ ಏನೂ ಕೇಳಿಸದಿದ್ದರೆ ಸೆನ್ಸರ್ 64 ಸಂದೇಶ ಕಾಯುತ್ತದೆ, ಆಮೇಲೆ ಉತ್ತರ ಕೇಳಿ ಇನ್ನೂ 32 ಕಾಯುತ್ತದೆ, ಆಗಷ್ಟೇ ನಿಧಾನದ ಕಡೆಗೆ ಒಂದು ಹೆಜ್ಜೆ ಸರಿಯುತ್ತದೆ. ನನ್ನ ಲೆಕ್ಕದಲ್ಲಿ 96 ಸಂದೇಶವೆಂದರೆ ಸರಿಯಾಗಿ ಒಂದು ದಿನ.

ಹೀಗೆ ಸರಿಯುತ್ತಾ ಅದು SF12 ಮುಟ್ಟಿತು. ದೂರದವರನ್ನು ಕರೆಯುವಾಗ ಅಕ್ಷರಗಳನ್ನು ಎಳೆದು ಕೂಗುತ್ತೇವಲ್ಲ, ಹಾಗೆ. SF7ಕ್ಕಿಂತ 12.5 ಡೆಸಿಬಲ್ ಕ್ಷೀಣವಾದ ಸದ್ದೂ ಗೇಟ್‌ವೇಗೆ ತಿಳಿಯುತ್ತದೆ, ಆದರೆ ಅದೇ ಸಂದೇಶಕ್ಕೆ ಈಗ 1.48 ಸೆಕೆಂಡ್ ಬೇಕು. ಕಳಿಸುವಾಗ ಚಿಪ್ ಸುಮಾರು 40 ಮಿಲಿಆಂಪ್ ಎಳೆಯುತ್ತದೆ. SF7ರಲ್ಲಿ ದಿನಕ್ಕೆ 0.07 ಎಂಎಎಚ್ ಇದ್ದ ಖರ್ಚು 1.6ಕ್ಕೆ ಏರಿತು. ನಿದ್ರೆಯಲ್ಲಿ ಸೋರುವ 0.24 ಸೇರಿಸಿದರೆ ಬ್ಯಾಟರಿ ಮೂರೂವರೆ ವರ್ಷ. SF7ರಲ್ಲೇ ಇದ್ದಿದ್ದರೆ ಖರ್ಚಿಗಿಂತ ಮೊದಲು ಬ್ಯಾಟರಿಯೇ ಮುದಿಯಾಗುತ್ತಿತ್ತು. ಆಂಟೆನಾವನ್ನು ಕೋಲಿಗೆ ಕಟ್ಟಿ ಗರಿಗಳ ಮೇಲಕ್ಕೆತ್ತಿದೆ, ಕೆಲವೇ ದಿನಗಳಲ್ಲಿ SF8ಕ್ಕೆ ಮರಳಿತು. ವೇಗ ಬಿಟ್ಟುಕೊಡುವ ಮೊದಲು ಎತ್ತರ ನೋಡಬೇಕಿತ್ತು.

ಎನ್‌ಬಿ-ಐಒಟಿಗೆ ಗೇಟ್‌ವೇ ಬೇಡ, ಸಿಮ್ ಹಾಕಿದರೆ ಟವರ್ ಸಿಗುತ್ತದೆ. ಅದೇ ನನಗೆ ಹಿಡಿಸಿದ್ದು. ಆದರೆ ಐದನೇ ವಾರಕ್ಕೆ ಬ್ಯಾಟರಿ ಖಾಲಿ. ಗಾಢ ನಿದ್ರೆ ಮೋಡೆಮ್ ತಾನಾಗಿ ತೆಗೆದುಕೊಳ್ಳುವಂಥದ್ದಲ್ಲ, ನೆಟ್‌ವರ್ಕ್ ಒಪ್ಪಬೇಕು. ಒಪ್ಪಿದೆಯೇ ಎಂದು ಹೀಗೆ ನೋಡಬಹುದು:

```
AT+CEREG=4
AT+CEREG?
```

ಉತ್ತರದ ಕೊನೆಯಲ್ಲಿ ಸೊನ್ನೆ-ಒಂದುಗಳ ಎರಡು ಸರಣಿ ಬರಬೇಕು. ನನಗೆ ಆ ಜಾಗ ಖಾಲಿ ಬಂತು. ಸಿಮ್ ಯೋಜನೆ ಬದಲಿಸಿದ ಮೇಲೆ ನಿದ್ರೆ ಸಿಕ್ಕಿತು. ಆದರೂ ಸಿಗ್ನಲ್ ಕ್ಷೀಣವಾದಾಗ ಅದು ಒಂದೇ ಸಂದೇಶವನ್ನು 128 ಸಲದವರೆಗೂ ಪುನಃ ಕಳಿಸಬಹುದು, ಅದೂ ಲೋರಾಕ್ಕಿಂತ ಹಲವು ಪಟ್ಟು ಕರೆಂಟಿನಲ್ಲಿ. ಲೋರಾದಲ್ಲಿ SF ಅಂಕಿ ಕಣ್ಣೆದುರಿಗಿರುತ್ತದೆ. ಇಲ್ಲಿ ಬ್ಯಾಟರಿ ಇಳಿದಾಗಷ್ಟೇ ಗೊತ್ತಾಗುತ್ತದೆ.

ಹತ್ತಾರು ಸೆನ್ಸರುಗಳಿದ್ದು, ಎತ್ತರದಲ್ಲಿ ಗೇಟ್‌ವೇ ಇಡಲು ವಿದ್ಯುತ್ ಇರುವ ಕಡೆ ನಾನು ಲೋರಾವ್ಯಾನ್ ಹಾಕುತ್ತೇನೆ. ಒಂಟಿ ಸೆನ್ಸರ್, ಹತ್ತಿರ ಟವರ್ ಎಂದಾದರೆ ಎನ್‌ಬಿ-ಐಒಟಿ. ನೀರಿನ ವಾಲ್ವ್ ತೆರೆಯುವುದಿದ್ದರೆ ಒಂದು ಮಾತು: ಬ್ಯಾಟರಿಯ ಲೋರಾ ಸೆನ್ಸರ್ ತಾನು ಕಳಿಸಿದ ಮೇಲೆ ಸಾಮಾನ್ಯವಾಗಿ ಒಂದು ಮತ್ತು ಎರಡನೇ ಸೆಕೆಂಡಿನಲ್ಲಿ ಮಾತ್ರ ಕಿವಿ ತೆರೆಯುತ್ತದೆ. ನನ್ನ ಸೆನ್ಸರಿನಂಥದಕ್ಕೆ ಆಜ್ಞೆ ತಲುಪಲು 15 ನಿಮಿಷ ಕಾಯಬೇಕಾಗಬಹುದು. ಗಾಢ ನಿದ್ರೆಯಲ್ಲಿರುವ ಎನ್‌ಬಿ-ಐಒಟಿ ಮೋಡೆಮ್ಮಿನದೂ ಅದೇ ಪಾಡು.