ಲೋಗೊದಲ್ಲೇ ನಿಂತ ಐಫೋನ್: Restore ಒತ್ತುವ ಮೊದಲು ಇದನ್ನು ಓದಿ

ಅಕ್ಕನ ಐಫೋನ್ 11 ಸೇಬಿನ ಗುರುತು ತೋರಿಸಿ ಅಲ್ಲೇ ನಿಂತುಬಿಟ್ಟಿತು. ಸ್ಟೋರೇಜ್ ತುಂಬಿದೆ ಎಂಬ ಸೂಚನೆ ಅದಕ್ಕೂ ಮುಂಚಿನಿಂದ ಬರುತ್ತಲೇ ಇತ್ತು. ರಿಪೇರಿ ಅಂಗಡಿಗೆ ಕೊಟ್ಟೆವು. ಸಂಜೆ ಫೋನ್ ಸರಿಹೋಗಿ ಬಂತು, ಆದರೆ ಪರದೆಯ ಮೇಲೆ ಹೊಸ ಫೋನಿನಂತೆ Hello ಎಂದಿತ್ತು. ಅವಳ ಮಗನ ಮೊದಲ ವರ್ಷದ ಫೋಟೊಗಳೆಲ್ಲ ಹೋಗಿದ್ದವು. ಐಕ್ಲೌಡ್‌ನ ಉಚಿತ 5 ಜಿಬಿ ಜಾಗ ತುಂಬಿ ಬ್ಯಾಕಪ್ ಎಂದೋ ನಿಂತಿತ್ತು.

ಏಕೆ ಅಳಿಸಿದಿರಿ ಎಂದು ಕೇಳಿದ್ದಕ್ಕೆ ಅಂಗಡಿಯವರು, "ಮೊದಲು ಅಪ್‌ಡೇಟ್ ಕೊಟ್ಟೆವು ಸರ್, ಅರ್ಧದಲ್ಲೇ ಫೋನ್ ಮತ್ತೆ ಲೋಗೊಗೆ ಹೋಯಿತು. ಅದಕ್ಕೇ ರಿಸ್ಟೋರ್ ಮಾಡಿದೆವು" ಎಂದರು. ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಅಪ್‌ಡೇಟ್ ಅಲ್ಲಿ ಸೋತಿರಲೇ ಇಲ್ಲ, ಇನ್ನೂ ಶುರುವೇ ಆಗಿರಲಿಲ್ಲ.

ರಿಕವರಿ ಮೋಡ್ ಎಂದರೆ ಏಳದ ಫೋನನ್ನು ಕಂಪ್ಯೂಟರಿನಿಂದ ಸರಿಪಡಿಸಲು ಇರುವ ಸ್ಥಿತಿ. ಅದರಲ್ಲಿರುವ ಫೋನನ್ನು ಕಂಪ್ಯೂಟರಿಗೆ ಜೋಡಿಸಿದಾಗ ಕಂಪ್ಯೂಟರಿನ ಪರದೆಯಲ್ಲಿ Update, Restore ಎಂಬ ಎರಡು ಗುಂಡಿಗಳು ಬರುತ್ತವೆ. Update ನಿಮ್ಮ ಮಾಹಿತಿಯನ್ನು ಮುಟ್ಟದೆ ಐಒಎಸ್ ಅನ್ನಷ್ಟೇ ಮತ್ತೆ ಹಾಕಲು ನೋಡುತ್ತದೆ. Restore ಎಲ್ಲವನ್ನೂ ಅಳಿಸುತ್ತದೆ. ಯಾವುದನ್ನು ಒತ್ತಿದರೂ ಕಂಪ್ಯೂಟರ್ ಮೊದಲು ಹಲವು ಜಿಬಿ ಗಾತ್ರದ ಕಡತವನ್ನು ಇಳಿಸಿಕೊಳ್ಳಬೇಕು. ಅದಕ್ಕೆ 15 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಫೋನ್ ತಾನಾಗಿಯೇ ರಿಕವರಿ ಮೋಡ್‌ನಿಂದ ಹೊರಬಂದು ಲೋಗೊ ತೋರಿಸುತ್ತದೆ. ನಿಧಾನದ ಇಂಟರ್ನೆಟ್ ಇರುವ ಕಡೆ ಹೀಗಾಗುವುದು ಸಹಜ. ಆಗ ಕೇಬಲ್ ಕೀಳದೆ ಕಡತ ಪೂರ್ತಿ ಇಳಿಯುವವರೆಗೆ ಕಾಯಿರಿ. ಆಮೇಲೆ ಫೋನನ್ನು ಮತ್ತೆ ರಿಕವರಿ ಮೋಡ್‌ಗೆ ತಂದು Update ಒತ್ತಿ.

ಐಫೋನ್ 8 ಮತ್ತು ನಂತರದ ಫೋನ್‌ಗಳಲ್ಲಿ ದನಿ ಹೆಚ್ಚಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ, ತಗ್ಗಿಸುವುದನ್ನು ಒಮ್ಮೆ ಒತ್ತಿ ಬಿಡಿ, ನಂತರ ಪಕ್ಕದ ಗುಂಡಿಯನ್ನು ಹಿಡಿದುಕೊಳ್ಳಿ. ಲೋಗೊ ಬಂತೆಂದು ಕೈ ತೆಗೆದರೆ ಅದು ಬರೀ ರೀಸ್ಟಾರ್ಟ್ ಆಗುತ್ತದೆ. ಮೊದಲ ಪ್ರಯತ್ನಕ್ಕೆ ಅಷ್ಟೇ ಸಾಕು, ಕೆಲವೊಮ್ಮೆ ಅದರಲ್ಲೇ ಫೋನ್ ಎದ್ದುಬಿಡುತ್ತದೆ. ರಿಕವರಿ ಮೋಡ್ ಬೇಕಿದ್ದರೆ ಕೇಬಲ್ ಮತ್ತು ಕಂಪ್ಯೂಟರಿನ ಚಿತ್ರ ಮೂಡುವವರೆಗೆ ಬೆರಳು ಎತ್ತಬೇಡಿ.

ಸ್ಟೋರೇಜ್ ತೀರಾ ತುಂಬಿದ ಫೋನಿನಲ್ಲಿ Update ನಿಜವಾಗಿಯೇ ಸೋಲಬಹುದು. ಆಗ ಕಂಪ್ಯೂಟರಿನ ಪರದೆಯ ಮೇಲೆ ದೋಷಸಂಖ್ಯೆ ಬರುತ್ತದೆ. ಕೇಬಲ್ ಬದಲಿಸಿ, ಹಬ್ ಇಲ್ಲದೆ ನೇರವಾಗಿ ಜೋಡಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ನೋಡಿ.

ಅದೂ ಆಗದಿದ್ದರೆ ಫೋನನ್ನು ಹಾಗೆಯೇ ಎತ್ತಿಡಿ. Restore ಯಾವತ್ತು ಬೇಕಾದರೂ ಮಾಡಬಹುದು. ಬೇರೊಂದು ಕಂಪ್ಯೂಟರಿನಿಂದ iCloud.com ತೆರೆದು ಫೋಟೊಗಳು ಅಲ್ಲಿವೆಯೇ ಎಂದು ಮೊದಲು ನೋಡಿ. ಐಫೋನಿನ ಮಾಹಿತಿ ಗೂಢಲಿಪಿಯಲ್ಲಿ ಇರುತ್ತದೆ, Restore ಆದಾಗ ಅದರ ಕೀಲಿಯೇ ನಾಶವಾಗುತ್ತದೆ. ಅಳಿಸಿದ ಮೇಲೂ ಫೋಟೊ ತೆಗೆದುಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಅಂಗಡಿಗೆ ಕೊಡುವುದೇ ಆದರೆ "ಕೇಳದೆ Restore ಮಾಡಬಾರದು" ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ.