ಮಲಗಿದ ರೋಗಿಯ ಎತ್ತರ: ಮುಂಗೈ ಅಳೆಯಬೇಕೋ, ಮೊಣಕಾಲೋ, ಸುಮ್ನೆ ಟೇಪು ಹಿಡಿಯಬೇಕೋ?

ಹಾಸಿಗೆಯಿಂದ ಏಳಲಾಗದ ರೋಗಿಯ ತೂಕ ಹೇಗಾದರೂ ಸಿಗುತ್ತದೆ, ಬೆಡ್ ಸ್ಕೇಲ್ ಇದ್ದರೆ ಸಾಕು. ತೊಂದರೆ ಕೊಡುವುದು ಎತ್ತರ. ಅದು ಗೊತ್ತಿಲ್ಲದೆ ಬಿಎಂಐ ಲೆಕ್ಕ ಹಾಕಲಾಗದು. ಆಧಾರ್ ಕಾರ್ಡಿನಲ್ಲಿ ಎತ್ತರ ಬರೆದಿರುವುದಿಲ್ಲ. ಮನೆಯವರನ್ನು ಕೇಳಿದರೆ "ಮೊದಲು ನನ್ನಷ್ಟೇ ಇದ್ರು" ಅನ್ನುತ್ತಾರೆ, ಇಲ್ಲವೇ "ಐದಡಿ ಇರಬಹುದು" ಅನ್ನುತ್ತಾರೆ. ಅದನ್ನು ನಂಬಿ ಊಟದ ಪ್ಲಾನ್ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಕಾಸರಗೋಡಿನ ನಮ್ಮ ವಾರ್ಡಿನಲ್ಲಿ ಇಂಥವರು ಯಾವಾಗಲೂ ಇರುತ್ತಾರೆ. ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರು, ಸ್ಟ್ರೋಕ್ ಆದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು. ಡಯಟೀಷಿಯನ್ ಆಗಿ ನಾನು ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ. ಒಬ್ಬರೇ ರೋಗಿಯ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ರೋಗಿ 72 ವರ್ಷದ ಅಜ್ಜಿ. ಎಡ ಸೊಂಟ ಮುರಿದಿದೆ, ಬೆನ್ನು ಗೂನು. ಬೆಡ್ ಸ್ಕೇಲ್ ಪ್ರಕಾರ ತೂಕ 43 ಕೆಜಿ. ನಾಲ್ಕು ತಿಂಗಳ ಹಿಂದಿನ ಒಪಿ ಚೀಟಿಯಲ್ಲಿ 47 ಇತ್ತು.

ಮೊದಲು ಮುಂಗೈ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕಿರುಬೆರಳಿನ ಕಡೆ ಹೋಗುವ ಮೂಳೆಯೇ ಅಲ್ನಾ. ಎಡಗೈಯನ್ನು ಎದೆಯ ಮೇಲೆ ಅಡ್ಡ ಮಡಚಿ, ಬೆರಳು ಬಲ ಭುಜದ ಕಡೆ ಇರುವಂತೆ ಇಡಬೇಕು. ಮೊಣಕೈಯ ಚೂಪು ತುದಿಯಿಂದ ಮಣಿಕಟ್ಟಿನಲ್ಲಿ ಉಬ್ಬಿದ ಗುಂಡು ಮೂಳೆಯ ನಡುವಿನವರೆಗೆ ಅಳೆಯಬೇಕು. ಟೇಪು ನೇರವಾಗಿರಬೇಕು, ಮಾಂಸದ ಮೇಲೆ ಬಾಗಿ ಹೋಗಬಾರದು. ಅರ್ಧ ಸೆಂ.ಮೀ. ಹತ್ತಿರಕ್ಕೆ ಬರೆದುಕೊಳ್ಳಬೇಕು. ಅಜ್ಜಿಗೆ 22.5 ಬಂತು. ಅಪೌಷ್ಟಿಕತೆಯ ಅಪಾಯ ಪತ್ತೆಹಚ್ಚುವ ಬ್ರಿಟನ್ನಿನ 'ಮಸ್ಟ್' ತಪಾಸಣೆಯ ಜೊತೆ ಬರುವ ಪಟ್ಟಿಯಲ್ಲಿ 65 ದಾಟಿದ ಹೆಂಗಸರಿಗೆ ಇರುವ ಲೆಕ್ಕ ಇದು:

```
ಎತ್ತರ (ಸೆಂ.ಮೀ.) = 80.4 + 3.25 × ಅಲ್ನಾ
               = 80.4 + 3.25 × 22.5 = 153.5
```

ಪಟ್ಟಿಯಲ್ಲಿ 1.53 ಮೀಟರ್ ಎಂದೇ ಇದೆ. ಅಜ್ಜಿಗೆ ಸ್ವಲ್ಪವೂ ನೋವಾಗಲಿಲ್ಲ, ಹೊದಿಕೆ ಕೂಡ ಸರಿಸಬೇಕಾಗಲಿಲ್ಲ. ಸ್ಟ್ರೋಕ್ ಆಗಿ ಕೈ ಮಡಚಿಕೊಂಡು ಬಿಗಿಯಾದವರಲ್ಲೂ ಇದು ನಡೆಯುತ್ತದೆ. ಕೈ ಆಗಲೇ ಮಡಚಿಯೇ ಇರುತ್ತದೆ, ಅಲ್ವಾ? ಕೈ ಪೂರ್ತಿ ಚಾಚಿಸಿ ಅಳೆಯುವ ಡೆಮಿಸ್ಪ್ಯಾನ್ ಇವರಲ್ಲಿ ಆಗದ ಮಾತು.

ಆದರೆ ಆ 3.25ನ್ನು ನೋಡಿ. ಟೇಪಿನಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ ಎತ್ತರದಲ್ಲಿ 1.6 ಸೆಂ.ಮೀ. ತಪ್ಪುತ್ತದೆ. ಮಣಿಕಟ್ಟಿನಲ್ಲಿ ಕ್ಯಾನುಲಾ ಪ್ಲಾಸ್ಟರ್ ಇದ್ದರೆ, ಬಾವು ಇದ್ದರೆ ಆ ಗುಂಡು ಮೂಳೆ ಕೈಗೆ ಸಿಗುವುದಿಲ್ಲ, ಅಂದಾಜಿನ ಮೇಲೆ ಇನ್ನೊಂದು ಅಂದಾಜು ಸೇರುತ್ತದೆ. ಅಂಥಲ್ಲಿ ಬಲಗೈ ಅಳೆಯಿರಿ. ಹಿಂದೆ ಮಣಿಕಟ್ಟು ಮುರಿದಿತ್ತಾ ಅಂತ ಕೇಳಿಕೊಳ್ಳಿ. ವಯಸ್ಸಾದ ಹೆಂಗಸರಲ್ಲಿ ಅದು ತುಂಬಾ ಸಾಮಾನ್ಯ.

ಇನ್ನೂ ದೊಡ್ಡ ಪ್ರಶ್ನೆ, ಈ ಪಟ್ಟಿ ನಮ್ಮವರಿಗೆ ಹೊಂದುತ್ತದೆಯೇ ಎಂಬುದು. ಏಷ್ಯಾ ಮೂಲದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಎತ್ತರವನ್ನು ಹೆಚ್ಚು ತೋರಿಸುತ್ತದೆ ಎಂದು ಬ್ರಿಟನ್ನಿನಲ್ಲೇ ಅಳೆದು ನೋಡಿದವರು ಹೇಳಿದ್ದಾರೆ. ಶ್ರೀಲಂಕಾದಲ್ಲಿ ಯುವಜನರನ್ನು ಅಳೆದು 2010ರಲ್ಲಿ ಕೊಟ್ಟ ಸೂತ್ರದಲ್ಲಿ ಹೆಂಗಸರಿಗೆ 68.777 + 3.536 × ಅಲ್ನಾ. ಅದೇ 22.5ಕ್ಕೆ 148.3 ಬರುತ್ತದೆ. ಐದು ಸೆಂ.ಮೀ. ಕಡಿಮೆ! ಅದು ವಯಸ್ಸಾದವರ ಮೇಲೆ ಕಟ್ಟಿದ ಸೂತ್ರವಲ್ಲ, ಹಾಗಾಗಿ ನಾನು ಅದನ್ನು ಕೇಸ್ ಶೀಟಿಗೆ ಹಾಕುವುದಿಲ್ಲ. ಆದರೆ ಪಟ್ಟಿಯ ಅಂಕಿ ಯಾವ ಕಡೆಗೆ ವಾಲಿದೆ ಎಂದು ತಿಳಿಯಲು ಅದು ಸಾಕು.

ಪಟ್ಟಿಯ ಇನ್ನೊಂದು ಕೊರತೆ ವಯಸ್ಸಿನ ಗೆರೆ. ಅಲ್ನಾ 25 ಸೆಂ.ಮೀ. ಇರುವ ಗಂಡಸಿಗೆ 64ರಲ್ಲಿ 169, 65 ತುಂಬಿದ ದಿನ 165. ಆ ಗೆರೆಯ ಆಸುಪಾಸಿನವರಲ್ಲಿ ಈ ಜಿಗಿತವನ್ನು ನೆನಪಿಟ್ಟುಕೊಳ್ಳಬೇಕು.

ಎರಡನೆಯದು ಮೊಣಕಾಲಿನ ಎತ್ತರ. ಮುರಿಯದ ಬಲಗಾಲನ್ನು ಮೊಣಕಾಲಿನಲ್ಲೂ ಪಾದದಲ್ಲೂ ತೊಂಬತ್ತು ಡಿಗ್ರಿ ಮಡಚಿ, ಹಿಮ್ಮಡಿಯ ಅಡಿಯಿಂದ ಮೊಣಕಾಲು ಚಿಪ್ಪಿನ ಸ್ವಲ್ಪ ಮೇಲೆ ತೊಡೆಯವರೆಗೆ ಕ್ಯಾಲಿಪರ್‌ನಲ್ಲಿ ಅಳೆಯಬೇಕು. ಅಜ್ಜಿಗೆ 45 ಬಂತು. ಅಮೆರಿಕದ ಚಮ್ಲಿಯಾ ಮತ್ತು ಸಂಗಡಿಗರು 1985ರಲ್ಲಿ ಹೆಂಗಸರಿಗೆ ಕೊಟ್ಟ ಸೂತ್ರ:

```
ಎತ್ತರ = 84.88 − 0.24 × ವಯಸ್ಸು + 1.83 × ಮೊಣಕಾಲು
     = 84.88 − 17.28 + 82.35 = 149.95
```

ಅಂದರೆ 150. ಇಲ್ಲಿ ಗುಣಿಸುವ ಅಂಕಿ ಬರೀ 1.83, ಅರ್ಧ ಸೆಂ.ಮೀ. ತಪ್ಪಿದರೂ ಎತ್ತರ ಒಂದು ಸೆಂ.ಮೀ. ಕೂಡ ಅತ್ತಿತ್ತ ಆಗುವುದಿಲ್ಲ. ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎತ್ತರವನ್ನು ಮೆಲ್ಲನೆ ಇಳಿಸುತ್ತದೆ, ಒಂದೇ ಗೆರೆಯಲ್ಲಿ ಜಿಗಿಯುವುದಿಲ್ಲ. ನನಗೆ ಅಂಕಿ ಹೆಚ್ಚು ನಂಬಿಕೆ ಕೊಡುವುದು ಇದರಲ್ಲೇ. ಆದರೆ ಬೆಲೆ ತೆರಬೇಕು. ಕ್ಯಾಲಿಪರ್ ಬೇಕು, ಹಿಡಿಯಲು ಸಿಸ್ಟರ್ ಒಬ್ಬರು ಬೇಕು. ಒಳ್ಳೆಯ ಕಾಲು ಮಡಚಿದರೂ ಮುರಿದ ಸೊಂಟ ಅಲುಗಿ ಅಜ್ಜಿ "ಅಯ್ಯೋ ಮಗಾ, ಸಾಕು" ಅಂದರು. ಪಾದ ಜೋತುಬಿದ್ದವರಲ್ಲಿ, ಮೊಣಕಾಲು ಬಿಗಿದವರಲ್ಲಿ ಆ ತೊಂಬತ್ತು ಡಿಗ್ರಿ ಸಿಗುವುದೇ ಇಲ್ಲ.

ಮೂರನೆಯದು ತಲೆಯಿಂದ ಹಿಮ್ಮಡಿಯವರೆಗೆ ಟೇಪು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನೆಟ್ಟಗೆ ಮಲಗಬಲ್ಲವರಲ್ಲಿ ಪರವಾಗಿಲ್ಲ. ಅಜ್ಜಿಗೆ 146 ಬಂತು. ಗೂನು ಬೆನ್ನು, ಮಡಚಿದ ಮೊಣಕಾಲು, ತಗ್ಗಾದ ಹಾಸಿಗೆ, ಎಲ್ಲಾ ಸೇರಿ ಕಡಿಮೆ ಮಾಡಿದ್ದು.

ಈಗ ಮೂರನ್ನೂ ಮಸ್ಟ್‌ಗೆ ಹಾಕೋಣ. ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೆ 2 ಅಂಕ, 18.5ರಿಂದ 20ರವರೆಗೆ 1, ಅದಕ್ಕಿಂತ ಜಾಸ್ತಿ ಇದ್ದರೆ 0. ಮುಂಗೈ ಲೆಕ್ಕದಲ್ಲಿ, ಪಟ್ಟಿಯ 1.53 ಮೀಟರ್ ಹಿಡಿದರೆ, ಅಜ್ಜಿಯ ಬಿಎಂಐ 18.4, ಅಂದರೆ 2. ಮೊಣಕಾಲಿನ ಲೆಕ್ಕದಲ್ಲಿ 19.1, ಅಂದರೆ 1. ಟೇಪಿನ ಲೆಕ್ಕದಲ್ಲಿ 20.2, ಅಂದರೆ ಸೊನ್ನೆ. ಒಬ್ಬರೇ ಅಜ್ಜಿ, ಮೂರು ಬೇರೆ ಬೇರೆ ಅಂಕ!

ಇದರ ಮೇಲೆ ತೂಕ ಇಳಿದದ್ದಕ್ಕೆ ಅಂಕ ಸೇರುತ್ತದೆ. 47ರಿಂದ 43 ಅಂದರೆ ನೂರಕ್ಕೆ ಎಂಟೂವರೆ. ಮೂರರಿಂದ ಆರು ತಿಂಗಳಲ್ಲಿ ನೂರಕ್ಕೆ ಐದರಿಂದ ಹತ್ತು ಇಳಿದರೆ 1 ಅಂಕ. ಒಟ್ಟು 2 ಅಥವಾ ಅದಕ್ಕಿಂತ ಜಾಸ್ತಿ ಆದರೆ ಹೆಚ್ಚಿನ ಅಪಾಯ. ಮುಂಗೈ ಪ್ರಕಾರ ಮೊತ್ತ 3, ಮೊಣಕಾಲಿನ ಪ್ರಕಾರ 2. ಎರಡರಲ್ಲೂ ಮಾಡಬೇಕಾದ ಕೆಲಸ ಒಂದೇ, ತಕ್ಷಣ ಊಟದ ಪ್ಲಾನ್. ಟೇಪನ್ನು ನಂಬಿದ್ದರೆ ಮೊತ್ತ 1. ತಿಂದದ್ದನ್ನು ಮೂರು ದಿನ ಬರೆದಿಟ್ಟು ನೋಡೋಣ ಅಂತ ಕಾಯುತ್ತಿದ್ದೆವು.

ಹಾಗಾಗಿ ನನ್ನ ಆಯ್ಕೆ ಹೀಗಿದೆ. ವಾರ್ಡಿನಲ್ಲಿ ಎಲ್ಲರಿಗೂ ಮೊದಲು ಮುಂಗೈ. ಅದು ಎತ್ತರವನ್ನು ಜಾಸ್ತಿ ತೋರಿಸಿದರೆ ಬಿಎಂಐ ಕಡಿಮೆ ಬರುತ್ತದೆ, ಆಗ ಅಗತ್ಯವಿಲ್ಲದ ಒಬ್ಬರಿಗೆ ಹೆಚ್ಚು ಗಮನ ಕೊಟ್ಟೇವು, ಅಗತ್ಯವಿದ್ದವರು ಕೈತಪ್ಪುವುದು ಕಡಿಮೆ. ದಪ್ಪ ಇರುವವರಲ್ಲಿ ಮಾತ್ರ ಇದೇ ತಪ್ಪು ಬೊಜ್ಜನ್ನು ಮುಚ್ಚಿಡುತ್ತದೆ, ಅಲ್ಲಿ ನಾನು ಈ ಅಂಕಿಯನ್ನು ಅಷ್ಟು ನಂಬುವುದಿಲ್ಲ. ಬಿಎಂಐ 18.5 ಅಥವಾ 20ರ ಹತ್ತಿರ ಬಂದು, ಕಾಲು ಮಡಚಲು ಆಗುವಂತಿದ್ದರೆ ಮೊಣಕಾಲು. ಬೆನ್ನು ಗೂನಾದವರಿಗೆ ಟೇಪು ಬೇಡವೇ ಬೇಡ.

ಸಂಶಯ ಉಳಿದರೆ ಎತ್ತರವೇ ಬೇಡದ ಒಂದು ಅಳತೆಯಿದೆ. ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಬಿಎಂಐ 20ಕ್ಕಿಂತ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಅಜ್ಜಿಯದು 22 ಇತ್ತು. ಕೇಸ್ ಶೀಟಿನಲ್ಲಿ "150 ಸೆಂ.ಮೀ., ಅಂದಾಜು, ಬಲ ಮೊಣಕಾಲು 45" ಎಂದು ಅಳತೆಯ ಸಮೇತ ಬರೆದೆ. ಮುಂದಿನ ವಾರ ಬೇರೊಬ್ಬರು ಡ್ಯೂಟಿಯಲ್ಲಿದ್ದು ಮುಂಗೈ ಅಳೆದರೆ, ತೂಕ ಬದಲಾಗದೆಯೇ ಬಿಎಂಐ ಇಳಿದಂತೆ ಕಾಣುತ್ತದೆ. ಅದಕ್ಕೇ ಡಿಸ್ಚಾರ್ಜ್ ಆಗುವವರೆಗೂ ಅದೇ 150 ಇಟ್ಟುಕೊಳ್ಳಿ ಅಂತ ಪಕ್ಕದಲ್ಲೇ ಬರೆದಿಟ್ಟೆ.